ತ್ರಿಕೋನದೊಳಗೆ ಎಷ್ಟು ಜನ

ಕ್ಲಬ್ಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಮ್ಯಾನೇಜರಿನಿಂದ ಹಿಡಿದು ಮೈದಾನದ ಹುಲ್ಲು ಕತ್ತರಿಸುವವನವರೆಗೆ ಎಲ್ಲರ ಬಾಯಲ್ಲೂ ಅವಳು ಗುರುತಕ್ಕ. ಹನ್ನೊಂದು ವರ್ಷ ಅದೇ ಕ್ಲಬ್ಬಿನ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್ ಆಗಿ ಆಡಿದವಳು. ಎದುರಿನವರು ಚೆಂಡು ತಂದರೆ ಅಡ್ಡ ನಿಲ್ಲುವುದೇ ಅವಳ ಕೆಲಸವಾಗಿತ್ತು. ಒಂದು ದಿನ ಬಲಗಾಲಿನ ಮಂಡಿ ಲಟಕ್ಕೆಂದಿತು. ಎರಡು ಆಪರೇಷನ್ ಆದ ಮೇಲೂ ಅದು ಪೂರ್ತಿ ಮಡಚಲಿಲ್ಲ. ಕ್ಲಬ್ಬಿನವರು ಅವಳನ್ನು ಬಿಟ್ಟುಬಿಡಲಿಲ್ಲ ಅನ್ನಿ. ಗ್ಯಾಲರಿಯ ಮೇಲಿನ ಸಣ್ಣ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕಂಪ್ಯೂಟರ್ ಕೊಟ್ಟು ಕೂರಿಸಿದರು. ಲೀಗಿನ ಹತ್ತು ತಂಡಗಳಲ್ಲಿ ಯಾರು ಯಾರ ಮೇಲೆ ಆಡಿದರೂ ಸರಿ, ಗೋಲಿನ ಕಡೆ ಹೊಡೆದ ಪ್ರತಿಯೊಂದು ಶಾಟನ್ನೂ ವಿಡಿಯೊದಲ್ಲಿ ನೋಡಿ ಗುರುತು ಹಾಕಬೇಕು. ಹೀಗೆ ಅವಳು ಗುರುತಕ್ಕ ಆದಳು.

ನೋಡಿದವರಿಗೆ ಇದು ಕೂತು ತಿನ್ನುವ ಕೆಲಸ. ಮಾಡಿದವರಿಗೆ ಗೊತ್ತು ಅದರ ಪಾಡು. ಕಾಲೋ ತಲೆಯೋ ಚೆಂಡಿಗೆ ತಾಗಿದ ಆ ಒಂದು ಕ್ಷಣಕ್ಕೆ ವಿಡಿಯೊ ನಿಲ್ಲಿಸಬೇಕು. ಆಮೇಲೆ ಸಾಲಾಗಿ ತುಂಬಿಸಬೇಕು: ಗೋಲಿನಿಂದ ಎಷ್ಟು ದೂರ, ಅಲ್ಲಿಂದ ನೋಡಿದರೆ ಎರಡು ಕಂಬಗಳ ನಡುವೆ ಗೋಲು ಎಷ್ಟು ಅಗಲ ಕಾಣುತ್ತದೆ, ಹೊಡೆದದ್ದು ಕಾಲಿನಿಂದಲೋ ತಲೆಯಿಂದಲೋ, ಚೆಂಡು ಬಂದದ್ದು ಮೈದಾನದ ಪಕ್ಕದಿಂದ ತೂರಿದ ಕ್ರಾಸಿನಿಂದಲೋ, ಸೀಳಿಕೊಂಡು ಬಂದ ಪಾಸಿನಿಂದಲೋ, ಕೀಪರ್ ತಡೆದು ವಾಪಸ್ ಪುಟಿದದ್ದೋ, ಆಟ ಓಡುತ್ತಿದ್ದಾಗಲೋ, ಕಾರ್ನರಿನಿಂದಲೋ. ಇಷ್ಟೂ ತುಂಬಿಸುವ ತನಕ ಮುಂದಿನ ಕ್ಷಣ ನೋಡುವಂತಿಲ್ಲ. ಇದು ಅವಳೇ ಹಾಕಿಕೊಂಡ ಕಟ್ಟುನಿಟ್ಟು. ಗೋಲಾಯಿತು ಎಂದು ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಕಷ್ಟದ ಶಾಟೂ 'ಅಯ್ಯೋ ಸುಲಭವಾಗಿತ್ತು' ಅನ್ನಿಸಿಬಿಡುತ್ತದೆ. ಚೆಂಡು ಕಾಲು ಬಿಟ್ಟ ಮೇಲೆ ಎಲ್ಲಿಗೆ ಹೋಯಿತು ಎನ್ನುವುದು ಅವಳ ಲೆಕ್ಕಕ್ಕೆ ಬರಲೇಬಾರದು.

ಅವಳ ತಾಯಿಗೆ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು. ತಾಯಿ ಮಗಳು ಇಬ್ಬರೇ ಇದ್ದ ಮನೆ. ಬಟ್ಟೆ ಮಡಚುತ್ತ ಆ ಮುದುಕಿ ಕೇಳಿದ್ದುಂಟು.

"ಅಲ್ವೇ, ಚೆಂಡು ಒಳಗೆ ಹೋಯ್ತಾ ಇಲ್ವಾ ಅಂತ ನೋಡೋಕೂ ಸಂಬಳ ಕೊಡ್ತಾರಾ?"

"ಒಳಗೆ ಹೋಯ್ತಾ ಅಂತ ನೋಡ್ದೆ ಇರೋಕೆ ಕೊಡ್ತಾರಮ್ಮ."

"ಹಾಗಾದ್ರೆ ನಂಗೂ ಕೊಡ್ಸು. ನಾನು ಹುಟ್ಟಿದಾಗ್ಲಿಂದ ನೋಡಿಲ್ಲ."

ಆ ಕೋಣೆಗೆ ಐದು ವರ್ಷದ ಹಿಂದೆ ಆಟದ ಅಂಕಿಗಳ ಲೆಕ್ಕ ಹಾಕುವ ಅನಲಿಸ್ಟ್ ಒಬ್ಬ ಬಂದ. ಗಣಿತದಲ್ಲಿ ಹುಲಿ, ಫುಟ್‌ಬಾಲಿನಲ್ಲಿ ಕುರಿಮರಿ. ಆಫ್‌ಸೈಡ್ ಎಂದರೇನು ಎಂದು ಅವನಿಗೆ ಹೇಳಿಕೊಟ್ಟವಳು ಗುರುತಕ್ಕ. ಮೇಜಿನ ಮೇಲೆ ಲೋಟ, ರಬ್ಬರು, ಬಾಟಲಿ ಮುಚ್ಚಳ ಇಟ್ಟು ಮೂರು ದಿನ ಹೇಳಿಕೊಟ್ಟಳು. ಮೊದಲ ದಿನದಿಂದಲೇ ಅವನು ಬಾಯಿ ತುಂಬ "ಅಕ್ಕ" ಅಂದ. ಇವಳಿಗೆ ಒಡಹುಟ್ಟಿದವರಿಲ್ಲ. "ತಮ್ಮ" ಅಂದುಬಿಟ್ಟಳು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುತ್ತಾನೆ ಎಂದು ಗೊತ್ತಾದ ಮೇಲೆ ಭಾನುವಾರದ ಊಟ ಇವರ ಮನೆಯಲ್ಲೇ ಆಯಿತು. ಕಳೆದ ಎರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿರಲಿಲ್ಲ.

ಅವನು ಕಟ್ಟುತ್ತಿದ್ದದ್ದು ನಿರೀಕ್ಷಿತ ಗೋಲಿನ ಮಾಡೆಲ್. ಮೈದಾನದಲ್ಲಿ ಎಲ್ಲರೂ ಎಕ್ಸ್‌ಜಿ ಅನ್ನುತ್ತಾರೆ. ಗುರುತಕ್ಕ ತುಂಬಿಸಿದ ಸಾವಿರಾರು ಶಾಟುಗಳನ್ನು ಅದಕ್ಕೆ ಕಲಿಸಿ, ಇಂಥ ಜಾಗದಿಂದ, ಇಂಥ ರೀತಿ ಹೊಡೆದರೆ ಗೋಲಾಗುವ ಸಾಧ್ಯತೆ ಎಷ್ಟು ಎಂದು ಒಂದೊಂದು ಶಾಟಿಗೂ ಸೊನ್ನೆಯಿಂದ ಒಂದರೊಳಗೆ ಒಂದು ಸಂಖ್ಯೆ ಹೇಳಿಸುವುದು. ಒಂದು ಭಾನುವಾರ ಊಟಕ್ಕೆ ಕೂತಾಗ ತಾಯಿ ಅವನನ್ನೇ ಕೇಳಿದಳು.

"ನಿನ್ನ ಮಷಿನ್ನು ಸುಳ್ಳು ಹೇಳ್ತಿಲ್ಲ ಅಂತ ಹೆಂಗಪ್ಪ ಗೊತ್ತಾಗುತ್ತೆ?"

"ಒಂದೇ ಶಾಟ್ ನೋಡಿದ್ರೆ ಗೊತ್ತಾಗಲ್ಲಮ್ಮ," ಅಂದ ಅವನು. "ಅದು ಹತ್ತು ಪರ್ಸೆಂಟ್ ಅಂದ ಶಾಟ್‌ಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕ್ಬೇಕು. ಅಂಥದ್ದು ನೂರಿದ್ರೆ ಸುಮಾರು ಹತ್ತು ಗೋಲಾಗಿರ್ಬೇಕು. ಮೂವತ್ತು ಅಂದಿದ್ದರಲ್ಲಿ ನೂರಕ್ಕೆ ಮೂವತ್ತು. ಹಂಗಾದ್ರೆ ನಂಬಬಹುದು. ಅದೂ ಮಷಿನ್ನು ಮೊದ್ಲು ನೋಡಿರೋ ಶಾಟ್ ಆಗ್ಬಾರ್ದು, ಹೊಸ ವರ್ಷದ್ದಾಗಿರ್ಬೇಕು. ಓದಿದ ಪ್ರಶ್ನೆನೇ ಪರೀಕ್ಷೆಗೆ ಕೊಟ್ರೆ ಯಾರಾದ್ರೂ ಪಾಸಾಗ್ತಾರೆ. ಈ ಪರೀಕ್ಷೆಗೇ ಕ್ಯಾಲಿಬ್ರೇಶನ್ ಅನ್ನೋದು."

ತಾಯಿ ಅವನ ತಟ್ಟೆಗೆ ಇನ್ನೊಂದು ಸಲ ಬಡಿಸಿ, "ಹುಡುಗ ಪ್ರಾಮಾಣಿಕ" ಎಂದು ತೀರ್ಪು ಕೊಟ್ಟಳು.

ಮೊದಲ ವರ್ಷದ ಮಾಡೆಲ್ ನೋಡಿ ಗುರುತಕ್ಕ ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಅಲ್ಲ ಕಣೋ, ಅದೇ ಜಾಗ, ಅದೇ ಕಾಲು. ಒಂದರಲ್ಲಿ ಮುಂದೆ ಯಾರೂ ಇಲ್ಲ, ಇನ್ನೊಂದರಲ್ಲಿ ಐದು ಜನ ಗೋಡೆ ಕಟ್ಟಿ ನಿಂತಿದ್ದಾರೆ. ಎರಡಕ್ಕೂ ಒಂದೇ ಸಂಖ್ಯೆನಾ? ನಿನ್ನ ಮಷಿನ್‌ಗೆ ಕಣ್ಣೇ ಇಲ್ವಾ?" ಹನ್ನೊಂದು ವರ್ಷ ಅಡ್ಡ ನಿಂತವಳಿಗೆ ಇದು ಹೇಳಿಕೊಡಬೇಕಾ ಹೇಳಿ. ಅಂದಿನಿಂದ ಅವಳು ಇನ್ನೂ ನಾಲ್ಕು ಕಾಲಂ ಸೇರಿಸಿದಳು. ಚೆಂಡಿನಿಂದ ಎರಡು ಕಂಬಕ್ಕೂ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದಲ್ಲ, ಅದರೊಳಗೆ ಕೀಪರನ್ನು ಬಿಟ್ಟು ಎಷ್ಟು ಡಿಫೆಂಡರುಗಳಿದ್ದಾರೆ. ಕೀಪರ್ ಎಲ್ಲಿ ನಿಂತಿದ್ದಾಳೆ. ಹೊಡೆಯುವವಳಿಗೆ ಹತ್ತಿರದ ಡಿಫೆಂಡರ್ ಎಷ್ಟು ದೂರ. ಚೆಂಡು ನೆಲದ ಮೇಲಿತ್ತೋ, ಮಂಡಿ ಎತ್ತರಕ್ಕಿತ್ತೋ. ಒಂದು ಶಾಟಿಗೆ ಎರಡು ನಿಮಿಷವಾಗುತ್ತಿದ್ದದ್ದು ಆರು ನಿಮಿಷವಾಯಿತು. ಮೂರು ಸೀಸನ್ನಿನ ಆರು ಸಾವಿರ ಶಾಟುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ತುಂಬಿಸಿದಳು. ಕಣ್ಣಿಗೆ ಕನ್ನಡಕ ಬಂತು. "ಈ ತ್ರಿಕೋನವೇ ಮಾಡೆಲ್ಲಿನ ಜೀವ ಅಕ್ಕ" ಎಂದು ಅವನೇ ಹತ್ತು ಸಲ ಅಂದಿದ್ದ.

ಈ ಸಲದ ಸೀಸನ್ ಮುಗಿದ ಮೇಲೆ ವರದಿ ತಯಾರಾಯಿತು. ಮೊದಲ ಎರಡು ಸೀಸನ್ನಿನಿಂದ ಕಲಿಸಿ, ಮೂರನೆಯದರ ಮೇಲೆ ಪರೀಕ್ಷೆ. ಪೆನಾಲ್ಟಿಗಳನ್ನು ಬಿಟ್ಟು ಎರಡು ಸಾವಿರದ ನಲವತ್ತಾರು ಶಾಟು. ಮಾಡೆಲ್ ಹೇಳಿದ ಸಂಖ್ಯೆಗಳನ್ನೆಲ್ಲ ಕೂಡಿದರೆ ಇನ್ನೂರ ಹನ್ನೊಂದೂವರೆ ಚಿಲ್ಲರೆ, ಆದ ಗೋಲು ಇನ್ನೂರ ಒಂಬತ್ತು. ಅನಲಿಸ್ಟ್ ಒಂದು ಚಿತ್ರ ತೋರಿಸಿದ. ಕಡಿಮೆ ಸಂಖ್ಯೆಯ ಶಾಟಿನಿಂದ ಹೆಚ್ಚಿನದರವರೆಗೆ ಜೋಡಿಸಿ ಹತ್ತು ಗುಂಪು ಮಾಡಿದ್ದ. ಅಡ್ಡಕ್ಕೆ ಮಾಡೆಲ್ ಹೇಳಿದ ಸರಾಸರಿ, ಮೇಲಕ್ಕೆ ನಿಜಕ್ಕೂ ಗೋಲಾದ ಪಾಲು. ಹತ್ತು ಚುಕ್ಕಿಗಳೂ ಓರೆ ಗೆರೆಯ ಆಚೀಚೆ ಅಂಟಿಕೊಂಡೇ ಕೂತಿದ್ದವು.

"ನನ್ನ ಕಾಲಂ ಎಲ್ಲಾ ಹಾಕಿದೀಯ ತಾನೇ?" ಎಂದು ಕೇಳಿದಳು.

"ಹಾಕ್ದೆ ಇರ್ತೀನಾ ಅಕ್ಕ!"

'ಗುರುತು ಮತ್ತು ಕ್ಯಾಲಿಬ್ರೇಶನ್ ಪರಿಶೀಲಿಸಲಾಗಿದೆ' ಎಂಬ ಸಾಲಿನ ಕೆಳಗೆ ಅವನ ಸಹಿಯಿತ್ತು. ಅದರ ಪಕ್ಕದಲ್ಲಿ ಅವಳೂ ಗೀಚಿದಳು. ಆಮೇಲೆ ಇಬ್ಬರೂ ಚಹಾ ಕುಡಿದರು.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಂದವಳು ಚಿಗರೆ, ತಂಡದ ಸ್ಟ್ರೈಕರ್. ಜಿಂಕೆಯಂಥ ಓಟಕ್ಕೆ ಬಂದ ಹೆಸರು ಅದು. ಆದರೆ ಅವಳ ಆಟವೆಲ್ಲ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ. ಕಾರ್ನರಾದಾಗ, ಕೀಪರ್ ಕೈಯಿಂದ ಚೆಂಡು ಜಾರಿದಾಗ, ಹತ್ತು ಕಾಲುಗಳ ನಡುವೆ ಅವಳದೊಂದು ಕಾಲು ಇದ್ದೇ ಇರುತ್ತಿತ್ತು. ಜೂನಿಯರ್ ತಂಡದಲ್ಲಿದ್ದಾಗ ಮೈಯನ್ನು ಅಡ್ಡ ಕೊಟ್ಟು ಚೆಂಡು ಕಾಯುವುದನ್ನು ಅವಳಿಗೆ ಕಲಿಸಿದವಳು ಗುರುತಕ್ಕನೇ. ಅವಳ ಕೈಯಲ್ಲಿ ಆ ವರದಿಯ ಒಂದು ಹಾಳೆ ಇತ್ತು.

"ಅಕ್ಕ, ನನ್ನನ್ನ ತಂಡದಿಂದ ಬಿಡ್ತಾರಂತೆ. ಶುಕ್ರವಾರ ಹೇಳ್ತೀವಿ ಅಂದ್ರು. ಎಪ್ಪತ್ತೊಂದು ಶಾಟಂತೆ, ಹನ್ನೆರಡು ಪಾಯಿಂಟ್ ಎಂಟು ಗೋಲು ಬರ್ಬೇಕಿತ್ತಂತೆ, ಬಂದಿದ್ದು ಎಂಟೇ ಅಂತೆ. ನಾನು ಸಿಕ್ಕಿದ್ದನ್ನೆಲ್ಲ ಹಾಳು ಮಾಡೋಳಂತೆ."

"ಯಾರು ಹೇಳಿದ್ದು?"

ಚಿಗರೆ ಹಾಳೆಯ ತಳದಲ್ಲಿ ಬೆರಳಿಟ್ಟಳು. "ನೀವೇ. ಸಹಿ ಇದೆಯಲ್ಲ."

ಗುರುತಕ್ಕ ಹಾಳೆಯನ್ನು ತೆಗೆದುಕೊಂಡು ನೋಡಿದಳು. ಒಂದು ಸೀಸನ್ನಿನ ಎಪ್ಪತ್ತೊಂದು ಶಾಟು ನೋಡಿ ಒಬ್ಬಳ ಹಣೆಗೆ ಹೀಗೆ ಮೊಳೆ ಹೊಡೆಯಬಾರದು, ಅದೃಷ್ಟವೇ ನಾಲ್ಕೈದು ಗೋಲು ಆಚೀಚೆ ಮಾಡುತ್ತದೆ. ಅದಿರಲಿ. ಹನ್ನೆರಡು ಪಾಯಿಂಟ್ ಎಂಟು? ಆ ಎಪ್ಪತ್ತೊಂದನ್ನೂ ಅವಳೇ ನೋಡಿದ್ದಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜನರ ಗೋಡೆಯ ಎದುರು ಹೊಡೆದದ್ದು.

"ಕೆಳಗೆ ಹೋಗಿ ಪ್ರಾಕ್ಟೀಸ್ ಮಾಡು. ಏನೋ ಎಡವಟ್ಟಾಗಿದೆ, ನಾನು ನೋಡ್ತೀನಿ," ಎಂದಳು. ಹುಡುಗಿ ಮುಖ ಊದಿಸಿಕೊಂಡೇ ಇಳಿದುಹೋದಳು.

ಅನಲಿಸ್ಟ್ ಅಂದು ಮ್ಯಾನೇಜರಿನ ಜೊತೆ ಹೊರಗೆ ಹೋಗಿದ್ದ. ಇಬ್ಬರೂ ಬಳಸುವ ಫೋಲ್ಡರಿನಲ್ಲಿ ಒಂದೊಂದು ಶಾಟಿನ ಸಂಖ್ಯೆಯ ಪಟ್ಟಿ ಇತ್ತು. ಗುರುತಕ್ಕ ಚಿಗರೆಯ ಒಂದು ಶಾಟ್ ಹುಡುಕಿದಳು. ಕಾರ್ನರಿನಲ್ಲಿ ವಾಪಸ್ ಪುಟಿದ ಚೆಂಡು, ಏಳು ಮೀಟರ್, ನೇರ ಎದುರು, ಬಲಗಾಲು, ತ್ರಿಕೋನದಲ್ಲಿ ನಾಲ್ಕು ಜನ. ಮಾಡೆಲ್ ಕೊಟ್ಟದ್ದು 0.34. ಆಮೇಲೆ ಬೇರೆ ತಂಡದವಳ ಒಂದು ಶಾಟ್ ಹುಡುಕಿದಳು. ಅದೂ ಕಾರ್ನರಿನಲ್ಲಿ ಪುಟಿದದ್ದು, ಏಳು ಮೀಟರ್, ಬಲಗಾಲು. ಕೀಪರ್ ಒಂದು ಮೂಲೆಯಲ್ಲಿ ಬಿದ್ದಿದ್ದಳು, ತ್ರಿಕೋನದಲ್ಲಿ ನರಪಿಳ್ಳೆ ಇರಲಿಲ್ಲ. ಅದಕ್ಕೆ ಕೊಟ್ಟದ್ದು 0.33.

ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಸಂಖ್ಯೆ ಬದಲಾಗಲಿಲ್ಲ. ನಾಲ್ಕು ಜನ ಅಡ್ಡ ನಿಂತದ್ದೂ ಒಂದೇ, ಬಟಾಬಯಲೂ ಒಂದೇ. ಮಾಡೆಲ್ ಅವಳ ಕಾಲಮ್ಮುಗಳನ್ನು ಮೂಸಿಯೂ ನೋಡಿರಲಿಲ್ಲ.

ಆದರೂ ಅವಳ ಮನಸ್ಸು ಅವನ ಮೇಲೆ ಹೋಗಲಿಲ್ಲ. ಯಾವುದೋ ಹಳೇ ಫೈಲು ಓಡಿಸಿಬಿಟ್ಟಿದ್ದಾನೆ ಪಾಪ, ಕೆಲಸದ ಗಡಿಬಿಡಿ, ಅಂದುಕೊಂಡಳು. ಬಂದ ಕೂಡಲೇ ತೋರಿಸಿದರೆ ಆಯಿತು ಎಂದು ಲೆಕ್ಕಕ್ಕೆ ಕೂತಳು. ಅವನೇ ಕಲಿಸಿದ ಲೆಕ್ಕ. ಎರಡು ಸಾವಿರದ ನಲವತ್ತಾರು ಶಾಟನ್ನೂ ತ್ರಿಕೋನದ ಕಾಲಮ್ಮಿನ ಪ್ರಕಾರ ಮೂರು ಪಾಲು ಮಾಡಿದಳು. ಯಾರೂ ಅಡ್ಡವಿಲ್ಲದ ಶಾಟು ಆರುನೂರ ಹನ್ನೆರಡು. ಮಾಡೆಲ್ ಹೇಳಿದ್ದು 79.3 ಗೋಲು, ಆದದ್ದು 104. ಒಬ್ಬರೋ ಇಬ್ಬರೋ ಇದ್ದದ್ದು ಎಂಟುನೂರ ತೊಂಬತ್ತಮೂರು, ಹೇಳಿದ್ದು 87.2, ಆದದ್ದು 79. ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ನಿಂತದ್ದು ಐನೂರ ನಲವತ್ತೊಂದು, ಹೇಳಿದ್ದು 45.1, ಆದದ್ದು ಬರೀ 26. ಬಯಲಿನ ಶಾಟಿಗೆ ಕಡಿಮೆ ಕೊಟ್ಟು, ಗೋಡೆಯ ಶಾಟಿಗೆ ಹೆಚ್ಚು ಕೊಟ್ಟು, ಮೊತ್ತ ಮಾತ್ರ ಚೊಕ್ಕವಾಗಿ ಹೊಂದಿಕೊಂಡಿತ್ತು. ಹತ್ತು ಗುಂಪಿನ ಚಿತ್ರದಲ್ಲೂ ಅಷ್ಟೇ. ಒಂದೊಂದು ಗುಂಪಿನೊಳಗೂ ಗೋಡೆ, ಬಯಲು ಎರಡೂ ಬೆರೆತು ಒಂದರ ತಪ್ಪನ್ನು ಇನ್ನೊಂದು ಮುಚ್ಚಿಬಿಟ್ಟಿತ್ತು. ಚಿಗರೆಯ ಎಪ್ಪತ್ತೊಂದರಲ್ಲಿ ನಲವತ್ತನಾಲ್ಕು ಆ ಕೊನೆಯ ಪಾಲಿನವು.

ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಫೋಲ್ಡರ್ ಮುಚ್ಚಲು ಹೋದಾಗ ಕೆಳಗೆ ಇನ್ನೊಂದು ಫೈಲು ಕಂಡಿತು. ಹೆಸರು 'ಕಳಿಸೋದು ಬೇಡ'. ತೆರೆದಳು. ಅದೇ ಮೂರು ಸಾಲು. 79.3 ಮತ್ತು 104. 87.2 ಮತ್ತು 79. 45.1 ಮತ್ತು 26. ಅದರ ಕೆಳಗೆ ಅವಳ ಕಾಲಮ್ಮುಗಳನ್ನು ಸೇರಿಸಿದ ಮಾಡೆಲ್ಲಿನ ಮೂರು ಸಾಲು: 101.9, 80.8, 27.4. ಮೂರೂ ಆದ ಗೋಲಿಗೆ ಹತ್ತಿರ. ತಾರೀಖು ನೋಡಿದಳು. ಅವಳಿಂದ ಸಹಿ ಹಾಕಿಸಿಕೊಂಡ ದಿನಕ್ಕಿಂತ ಹದಿನಾಲ್ಕು ದಿನ ಮೊದಲು.

ಗಡಿಬಿಡಿಯಲ್ಲ, ಹಳೇ ಫೈಲಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದುರಿಗೆ ಕೂತು "ಹಾಕ್ದೆ ಇರ್ತೀನಾ ಅಕ್ಕ" ಅಂದಿದ್ದ. ಆ ಫೈಲಿನ ಫೋಟೊ ತೆಗೆದುಕೊಳ್ಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ತಮ್ಮನ ಮೇಲೆ ಯಾರಾದರೂ ಸಾಕ್ಷಿ ಕೂಡಿಡುತ್ತಾರಾ?

ಮರುದಿನ ಬೆಳಿಗ್ಗೆ ಅವನು ಬಂದು ಬ್ಯಾಗು ಇಳಿಸುವ ಮೊದಲೇ ಕೇಳಿದಳು.

"ನನ್ನ ಕಾಲಂ ಯಾಕೋ ತೆಗ್ದೆ?"

ಅವನು ಬಾಗಿಲು ಮುಂದೆ ಮಾಡಿದ. ಸುಳ್ಳು ಹೇಳಲು ಹೊರಟವನ ಮುಖವಲ್ಲ ಅದು. ಯಾವತ್ತಾದರೂ ಈ ದಿನ ಬರುತ್ತದೆ ಎಂದು ಕಾದವನ ಮುಖ.

"ಅಕ್ಕ, ಕೂತ್ಕೊಳ್ಳಿ. ಮುಂದಿನ ಸೀಸನ್ನಿಂದ ಕ್ಲಬ್ಬಿನವರು ಶಾಟ್ ಡೇಟಾ ಹೊರಗಿನಿಂದ ತಗೋತಾರೆ. ಅದರಲ್ಲಿ ದೂರ, ಕೋನ, ಕಾಲೋ ತಲೆಯೋ, ಚೆಂಡು ಹೇಗೆ ಬಂತು, ಇಷ್ಟೇ ಇರೋದು. ನಿಮ್ಮ ತ್ರಿಕೋನ ಇರಲ್ಲ. ಅಷ್ಟರಲ್ಲೇ ಮಾಡೆಲ್ ನಡೆಯುತ್ತೆ ಅಂತ ನಾನು ತೋರಿಸ್ಬೇಕಿತ್ತು. ತೋರಿಸಿದ್ರೆ ಇಡೀ ವಿಭಾಗ ನನ್ನ ಕೈಗೆ ಬರುತ್ತೆ ಅಂದ್ರು."

"ಡೇಟಾ ಹೊರಗಿನಿಂದ ಬಂದ್ರೆ ನಾನೇನು ಮಾಡ್ಲಿ?"

ಅವನ ಕಣ್ಣು ಅವಳ ಕುರ್ಚಿಯ ಮೇಲೆ ಹೋಗಿ ವಾಪಸ್ ಬಂತು.

"ನನ್ನ ಕುರ್ಚಿ ಎತ್ತಿಸೋ ಕಾಗದಕ್ಕೆ ನನ್ನ ಕೈಲೇ ಸಹಿ ಹಾಕಿಸ್ದೆ," ಎಂದಳು.

"ಆ ಹತ್ತು ಚುಕ್ಕಿ ಸುಳ್ಳಲ್ಲ ಅಕ್ಕ. ಗೆರೆ ಮೇಲೇ ಇದ್ವಲ್ಲ, ನೀವೇ ನೋಡಿದ್ರಿ."

"ಸುಳ್ಳಾಗಿದ್ರೆ ಕಂಡುಹಿಡೀತಿದ್ದೆ ಕಣೋ. ನಿಜ ಆಗಿದ್ದಕ್ಕೇ ಮೋಸ ಹೋದೆ. ಸರಿ, ನನ್ನ ವಿಷಯ ಸುಡುಗಾಡಿಗೆ ಹೋಗ್ಲಿ. ಆ ಹುಡುಗಿ ಏನು ಮಾಡಿದ್ಲು ನಿಂಗೆ?"

"ಅವಳ ವಿಷ್ಯ ನನ್ನ ತಲೆಗೇ ಬರ್ಲಿಲ್ಲ," ಅಂದ. ಅದೂ ನಿಜವೇ ಇರಬೇಕು. ದ್ವೇಷದಿಂದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಐದು ವರ್ಷ ಒಂದೇ ಕೋಣೆ, ಎರಡು ವರ್ಷ ಒಂದೇ ಮನೆಯ ಅನ್ನ, ಇಷ್ಟರ ನಡುವೆ ತಾನೂ ಅವನ ತಲೆಗೆ ಬಂದಿರಲಿಕ್ಕಿಲ್ಲ ಅನ್ನಿಸಿತು. ಹಾಳೆ ಎತ್ತಿಕೊಂಡು ನೇರ ಮ್ಯಾನೇಜರಿನ ಕೋಣೆಗೆ ಹೋದಳು. ಅವನು ಸ್ವಲ್ಪ ಹೊತ್ತು ಬಿಟ್ಟು ಹಿಂದೆ ಬಂದ.

ಮ್ಯಾನೇಜರ್ ಕೆಟ್ಟವರಲ್ಲ. ಯಾವುದನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ಕೇಳುವ ವ್ಯವಧಾನವಿಲ್ಲದವರು, ಅಷ್ಟೇ. ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು.

"ಇನ್ನೂರ ಹನ್ನೊಂದು ಅಂತ ಹೇಳಿತ್ತು, ಇನ್ನೂರ ಒಂಬತ್ತು ಆಗಿದೆ. ಇದಕ್ಕಿಂತ ಸರಿ ಏನು ಬೇಕಮ್ಮ?"

"ಸಾರ್, ನಿಮಗೆ ಇಬ್ಬರು ಹೆಣ್ಮಕ್ಕಳಲ್ವಾ?"

"ಹೌದು."

"ಒಬ್ಬಳ ಕಾಲು ಐದು ನಂಬರು, ಇನ್ನೊಬ್ಬಳದು ಒಂಬತ್ತು ಅಂತಿಟ್ಕೊಳ್ಳಿ. ನೀವು ಇಬ್ಬರಿಗೂ ಏಳು ನಂಬರಿನ ಬೂಟು ತಂದ್ರಿ. ಕೂಡಿದ್ರೆ ಹದಿನಾಲ್ಕು, ಲೆಕ್ಕ ಸರಿ. ಕಾಲಿಗೆ ಸರಿನಾ?"

ಮ್ಯಾನೇಜರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಗುರುತಕ್ಕ ಮೂರನೇ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: "ನಲವತ್ತೈದು ಅಂದ ಕಡೆ ಇಪ್ಪತ್ತಾರು. ಆರೇಳು ಆಚೀಚೆ ಆಗಿದ್ರೆ ಅದೃಷ್ಟ ಅನ್ನಬಹುದಿತ್ತು. ಹತ್ತೊಂಬತ್ತು ಅದೃಷ್ಟ ಅಲ್ಲ. ಗೋಡೆ ಎದುರು ಹೊಡೆಯೋ ಯಾರೇ ಆಗ್ಲಿ, ಈ ಮಾಡೆಲ್‌ನಲ್ಲಿ ಕೆಲಸಕ್ಕೆ ಬಾರದವರ ಥರ ಕಾಣ್ತಾರೆ. ಒಟ್ಟು ಮೊತ್ತ ನೋಡಿದ್ರೆ ಸಾಲಲ್ಲ, ಪಾಲು ಮಾಡಿ ನೋಡ್ಬೇಕು. ತಲೆಯಿಂದ ಹೊಡೆದದ್ದು ಬೇರೆ, ಕಾರ್ನರ್‌ದು ಬೇರೆ, ಜನ ಅಡ್ಡ ಇರೋದು ಬೇರೆ."

"ತ್ರಿಕೋನ ಸೇರಿಸಿದ್ರೆ ಆ ಚಿಗರೆದು ಎಷ್ಟು ಬರುತ್ತೆ?" ಮ್ಯಾನೇಜರ್ ಅನಲಿಸ್ಟನನ್ನು ಕೇಳಿದರು.

"ಎಂಟು ಪಾಯಿಂಟ್ ಆರು," ಎಂದು ಅವನು ನೆಲ ನೋಡುತ್ತ ಹೇಳಿದ. ಲೆಕ್ಕ ಹಾಕಲು ಒಂದು ಕ್ಷಣವೂ ಬೇಕಾಗಲಿಲ್ಲ ಅವನಿಗೆ.

"ಹೊಡೆದದ್ದು ಎಂಟು. ಹಾಗಾದ್ರೆ ಹುಡುಗಿ ಸರಿಯಾಗೇ ಇದ್ದಾಳೆ. ಇದು ನಿಮಗೆ ಮೊದಲೇ ಗೊತ್ತಿತ್ತಾ?"

ಈಗಲಾದರೂ ಹೇಳುತ್ತಾನೆ ಎಂದು ಗುರುತಕ್ಕ ಅವನ ಮುಖವನ್ನೇ ನೋಡುತ್ತ ನಿಂತಳು. ಹೇಳಿದ್ದರೆ ಅಲ್ಲಿಯೇ ಮನ್ನಿಸಿಬಿಡುತ್ತಿದ್ದಳು, ಅವಳ ಕರುಳೇ ಅಂಥದ್ದು.

"ಇಬ್ಬರೂ ಚೆಕ್ ಮಾಡಿದ್ವಿ ಸಾರ್," ಅಂದ ಅವನು. "ಅಕ್ಕನ ಸಹಿನೂ ಇದೆ."

ಫೋಲ್ಡರಿನ ಆ ಫೈಲು ತೋರಿಸುತ್ತೇನೆ ಬನ್ನಿ ಎಂದು ಅವಳು ಮ್ಯಾನೇಜರನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಫೈಲು ಇರಲಿಲ್ಲ. ಹಿಂದಿನ ದಿನ ಇದ್ದ ಜಾಗದಲ್ಲಿ ಬೇರೆ ಎರಡು ಫೈಲುಗಳು ಒತ್ತಾಗಿ ಕೂತಿದ್ದವು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು. "ಆಯ್ತು ಬಿಡಿ, ಯಾರದು ತಪ್ಪು ಅಂತ ಕೆದಕೋದು ಬೇಡ. ಹೊಸ ವರದಿ ಮಾಡಿ. ಹುಡುಗಿಗೆ ಒಂದು ಪತ್ರ ಕೊಟ್ಟುಬಿಡೋಣ, ಇರು ಅಂತ," ಎಂದು ಹೇಳಿ ಇಳಿದುಹೋದರು. ಪತ್ರ ಬರೆಯುವ ಕೆಲಸ ಅನಲಿಸ್ಟನಿಗೇ ಬಿತ್ತು.

"ಅಕ್ಕ," ಎಂದ ಅವನು, ಇಬ್ಬರೇ ಉಳಿದಾಗ.

"ಇನ್ಮೇಲೆ ಆ ಮಾತು ಆಡಬೇಡ," ಎಂದಳು ಗುರುತಕ್ಕ. ಕನ್ನಡಕ ಸರಿಮಾಡಿಕೊಂಡು ಪರದೆಯ ಕಡೆ ತಿರುಗಿದಳು.

ಆ ವಾರವಿಡೀ ಅವಳಿಗೆ ಅನ್ನ ರುಚಿಸಲಿಲ್ಲ. ತಾಯಿ ಭಾನುವಾರ ಮೂರು ತಟ್ಟೆ ಇಟ್ಟಳು. ಒಂದನ್ನು ಮಗಳು ಎತ್ತಿ ಒಳಗಿಟ್ಟಾಗ "ಯಾಕೆ, ಹುಡುಗ ಬರಲ್ವಾ?" ಎಂದಳು. "ಇನ್ನು ಬರಲ್ಲಮ್ಮ" ಎಂದಳು ಮಗಳು. "ಏನಾಯ್ತೇ?" ಎಂದರೆ ಏನು ಹೇಳುವುದು? ಒಂದು ಕಾಲಮ್ಮು ತೆಗೆದುಬಿಟ್ಟ ಅಂದರೆ ತಾಯಿಗೆ ನಗು ಬರುತ್ತಿತ್ತು. "ಕೈ ಕೊಟ್ಟ" ಎಂದಷ್ಟೇ ಹೇಳಿದಳು. ತಾಯಿ ಅವಳ ಬೆನ್ನು ಸವರಿದಳು. ಆದರೂ ಒಂದು ಸಮಾಧಾನವಿತ್ತು. ಚಿಗರೆ ಉಳಿದಳಲ್ಲ. ಕುರ್ಚಿ ಹೋದರೆ ಹೋಗಲಿ, ಅವಳು ಬಂದು ಒಂದು ಮಾತು ಆಡಿದರೆ ಸಾಕು ಎಂದು ಕಾದಳು.

ಚಿಗರೆ ಬುಧವಾರ ಬಂದಳು. ಈ ಸಲ ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದಳು. ಮುಖ ಅರಳಿತ್ತು. ಕೋಣೆಯಲ್ಲಿ ಗುರುತಕ್ಕ ಒಬ್ಬಳೇ ಇದ್ದಳು.

"ಅನಲಿಸ್ಟ್ ಸಾರ್ ಇಲ್ವಾ? ಅವರಿಗೆ ಥ್ಯಾಂಕ್ಸ್ ಹೇಳ್ಬೇಕಿತ್ತು. ನನ್ನ ಉಳಿಸಿಬಿಟ್ರು ಅಕ್ಕ."

"ಅವನಾ?"

ಹುಡುಗಿ ಪತ್ರ ಚಾಚಿದಳು. ನಾಲ್ಕೇ ಸಾಲು. 'ಶಾಟುಗಳನ್ನು ಕೈಯಿಂದ ಗುರುತಿಸುವಾಗ ಆದ ಲೋಪದಿಂದ ಹಿಂದಿನ ವರದಿಯಲ್ಲಿ ತಮ್ಮ ಅಂಕಿಗಳು ತಪ್ಪಾಗಿ ದಾಖಲಾಗಿದ್ದವು. ಮರುಪರಿಶೀಲನೆಯಲ್ಲಿ ಅದನ್ನು ಸರಿಪಡಿಸಲಾಗಿದೆ. ಮುಂದಿನ ಸೀಸನ್ನಿನಿಂದ ಇಂಥ ಲೋಪಗಳಿಗೆ ಅವಕಾಶವಿಲ್ಲದಂತೆ ಹೊರಗಿನ ಡೇಟಾ ಬಳಸಲಾಗುವುದು.' ಕೆಳಗೆ ಅವನ ಸಹಿ ಒಂದೇ.

ಗುರುತಕ್ಕ ಎರಡು ಸಲ ಓದಿದಳು. ಆರು ಸಾವಿರ ಶಾಟು, ಒಂದೊಂದಕ್ಕೆ ಆರು ನಿಮಿಷ. ಅದರಲ್ಲಿ ಒಂದು ಗುರುತೂ ತಪ್ಪಿರಲಿಲ್ಲ.

"ನಾನು ತಪ್ಪು ಗುರುತು ಹಾಕಿಲ್ಲ ಕಣೇ," ಎಂದಳು. "ನಾನು ಹಾಕಿದ್ದನ್ನ ಅವನು ತೆಗೆದ. ನಾನೇ ಹೋಗಿ ಮ್ಯಾನೇಜರ್‌ಗೆ..."

ಚಿಗರೆ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಆ ಹಿಡಿತದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಹೋಗ್ಲಿ ಬಿಡಿ ಅಕ್ಕ, ಯಾಕೆ ಸುಮ್ನೆ ಅವರ ಮೇಲೆ ಹಾಕ್ತೀರಾ? ಕಣ್ಣಿಗೆ ಕನ್ನಡಕ ಬಂದಿದೆ, ವಯಸ್ಸಾಯ್ತು, ತಪ್ಪಾಗುತ್ತೆ. ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ. ನಿಮ್ಮನ್ನ ಕ್ಷಮಿಸಿದೀನಿ."